ನಮ್ಮ ಶಾಲೆಯ ವಾರ್ಷಿಕೋತ್ಸವ: ಸ್ವಾಗತದ ಮಾತು

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ಕರೆಂಟ್ ಎರಡು ಸಲ ಹೋಗಿ ಬಂದಿದೆ. ಮೂರನೇ ಸಲ ಹೋಗುವುದರೊಳಗೆ ಮಾತು ಮುಗಿಸಿ ಅಂತ ನಮ್ಮ ಹೆಡ್‌ಮೇಷ್ಟ್ರು ಹೇಳಿದ್ದಾರೆ. ಆದಷ್ಟು ಪ್ರಯತ್ನ ಮಾಡುತ್ತೇನೆ.

ಅಧ್ಯಕ್ಷತೆ ವಹಿಸಿರುವ ನಮ್ಮ ಎಸ್‌ಡಿಎಂಸಿ ಅಧ್ಯಕ್ಷರಿಗೆ ಆದರದ ಸ್ವಾಗತ. ಇವರು ಇದೇ ಶಾಲೆಯಲ್ಲಿ ಓದಿದವರು. ಹೋದ ಮಳೆಗಾಲದಲ್ಲಿ ಅಡುಗೆ ಕೋಣೆಯ ಹೆಂಚು ಹಾರಿದಾಗ ಯಾರನ್ನೂ ಕಾಯದೆ ಏಣಿ ಹಾಕಿ ಹತ್ತಿದವರು. ಉದ್ಘಾಟನೆಗೆ ಬಂದಿರುವ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ತೀರ್ಥಹಳ್ಳಿಯಿಂದ ಬಂದಿರುವ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ನಮ್ಮ ಕ್ಲಸ್ಟರಿನ ಸಿಆರ್‌ಪಿ ಅವರಿಗೆ, ಅಂಗನವಾಡಿ ಟೀಚರಿಗೆ, ಊರಿನ ಹಿರಿಯರಿಗೆ ಪ್ರೀತಿಯ ಸ್ವಾಗತ.

ಇನ್ನು ತಂದೆತಾಯಂದಿರು. ಇದು ಅಡಿಕೆ ಸುಗ್ಗಿ. ಸಂಜೆಯಾದರೆ ಮೆಟ್ಟುಗತ್ತಿ ಮುಂದೆ ಕೂರಬೇಕಾದ ಹೊತ್ತು. ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೀರಿ, ಕೆಲವರ ಕೈಯಲ್ಲಿ ಚೊಗರಿನ ಕಲೆ ಇನ್ನೂ ಹಾಗೇ ಇದೆ. ಆ ಕೈಗಳಿಗೆ ವಿಶೇಷ ಸ್ವಾಗತ. ಹಾಗೆಯೇ ಬಾಗಿಲ ಹತ್ತಿರ ಮರೆಯಲ್ಲಿ ನಿಂತಿರುವ ನಮ್ಮ ಬಿಸಿಯೂಟದ ಅಕ್ಕ, ಮುಂದೆ ಬಂದು ಕುರ್ಚಿಯಲ್ಲಿ ಕೂತುಕೊಳ್ಳಿ. ಇವತ್ತು ನೀವೂ ಅತಿಥಿ.

ನಮ್ಮದು ಒಂದರಿಂದ ಐದನೇ ತರಗತಿಯ ಸಣ್ಣ ಶಾಲೆ. ಮಕ್ಕಳು 43. ಆಮೇಲೆ ಬಹುಮಾನ ಕೊಡುತ್ತೇವೆ. ಓಟದಲ್ಲಿ ಗೆದ್ದವರಿಗೆ, ಪ್ರತಿಭಾ ಕಾರಂಜಿಯಲ್ಲಿ ಹಾಡಿದವರಿಗೆ ಕಪ್ಪು ಸಿಗುತ್ತದೆ. ಆದರೆ ಈ ವರ್ಷ ನಮ್ಮ ಶಾಲೆಯಲ್ಲಿ ಕಪ್ಪಿಗೆ ಸಿಗದ ಕೆಲವು ಗೆಲುವುಗಳೂ ಆಗಿವೆ. ಅವನ್ನು ಹೇಳಬೇಕು. ಹೆಸರು ಹೇಳುವುದಿಲ್ಲ, ನಾಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಾರೆ!

ಮೂರನೇ ತರಗತಿಯ ಒಬ್ಬ ಹುಡುಗನಿಗೆ ಒತ್ತಕ್ಷರ ಅಂದರೆ ಆಗುತ್ತಿರಲಿಲ್ಲ. ನಲಿ-ಕಲಿಯ ಏಣಿಯಲ್ಲಿ ಅದೊಂದು ಮೆಟ್ಟಿಲಲ್ಲಿ ಎಷ್ಟೋ ದಿನ ನಿಂತುಬಿಟ್ಟಿದ್ದ. ನಾನೂ ಒತ್ತಾಯ ಮಾಡಲಿಲ್ಲ. ಸುಳ್ಳು ಯಾಕೆ, ಒಂದೆರಡು ಸಲ ಮಾಡಿದ್ದೇನೆ. ದೀಪಾವಳಿ ರಜೆಯಲ್ಲಿ ಅವನ ಅಜ್ಜನ ಕನ್ನಡಕ ಒಡೆದುಹೋಯಿತಂತೆ. ಪೇಪರಿನಲ್ಲಿ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಓದುವವರು ಬೇಕಲ್ಲ? ಇವನನ್ನು ಕೂರಿಸಿಕೊಂಡರು. ಸರಕು, ರಾಶಿ, ಗೊರಬಲು ಸಲೀಸಾಗಿ ಬಂತು. ಬೆಟ್ಟೆ ಹತ್ತಿರ ನಿಂತ. 'ಟ'ಕ್ಕೆ ಒತ್ತು ಕೊಟ್ಟು, ಉಸಿರು ಕಟ್ಟಿ, 'ಬೆಟ್ಟೆ' ಅಂದುಬಿಟ್ಟ. ರಜೆ ಮುಗಿದ ಮೇಲೆ ಅಜ್ಜ ಶಾಲೆಗೇ ಬಂದರು. "ಟೀಚರೇ, ಹುಡುಗ ಓದುವುದೇನೋ ಕಲಿತ. ಆದರೆ ರೇಟು ಕಡಿಮೆ ಓದ್ತಾನೆ, ಸ್ವಲ್ಪ ನೋಡಿ" ಅಂದರು. ಅಜ್ಜ, ಅಲ್ಲೇ ಕೂತಿದ್ದೀರಿ. ರೇಟಿನ ವಿಚಾರ ನಮ್ಮ ಕೈಯಲ್ಲಿಲ್ಲ!

ನಾಲ್ಕನೇ ತರಗತಿಯಲ್ಲಿ ಒಬ್ಬಳಿಗೆ ಏಳರ ಮಗ್ಗಿ ಜನವರಿಯಲ್ಲಿ ಪೂರ್ತಿ ಬಂತು. ಏಳೆಂಟ್ಲ ಐವತ್ತಾರು ಅಂತ ದಾಟಿದ ದಿನ ಇಡೀ ತರಗತಿ ಚಪ್ಪಾಳೆ ಹೊಡೆಯಿತು. ಆ ಚಪ್ಪಾಳೆ ನಾನು ಹೇಳಿಕೊಟ್ಟದ್ದಲ್ಲ.

ಐದನೇ ತರಗತಿಯ ಇಬ್ಬರು ಅಣ್ಣತಂಗಿ ಹಳ್ಳದ ಆಚೆಯಿಂದ ಬರುತ್ತಾರೆ. ಆಷಾಢದ ಮಳೆಯಲ್ಲಿ ಆ ಸಂಕ ಹೇಗಿರುತ್ತದೆ ಅಂತ ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ದಿನಾ ಅಮ್ಮ ದಾಟಿಸಿ ಹೋಗುತ್ತಿದ್ದರು. ಶಾಲೆಗೆ ಬಂದ ಕೂಡಲೇ ಈ ಇಬ್ಬರ ಕೆಲಸ ಏನು ಗೊತ್ತಾ? ಒಂದನೇ ತರಗತಿಯ ಪುಟ್ಟವರ ಕಾಲಿಗೆ ಉಂಬಳ ಹತ್ತಿದೆಯಾ ಅಂತ ನೋಡಿ, ಉಪ್ಪು ಹಚ್ಚಿ ಬಿಡಿಸುವುದು. ಯಾರೂ ಹೇಳಿರಲಿಲ್ಲ. ಉಪ್ಪಿನ ಗಂಟು ಮಾತ್ರ ಬಿಸಿಯೂಟದ ಅಕ್ಕನ ಡಬ್ಬದಿಂದ ಹೋಗುತ್ತಿತ್ತು.

ಇನ್ನೊಂದು. ಜೂನ್ ತಿಂಗಳಿಡೀ ಕಿಟಕಿಯ ಸರಳು ಹಿಡಿದುಕೊಂಡು ಮನೆ ದಾರಿ ನೋಡುತ್ತಾ ಅತ್ತ ಒಬ್ಬ ಪುಟ್ಟಿ ಇದ್ದಾಳೆ. ಅವಳ ಅಮ್ಮ ಗೇಟಿನ ಹೊರಗೆ ನಿಂತು ಅಳುತ್ತಿದ್ದರು, ಅದೂ ನಮಗೆ ಗೊತ್ತು. ಆಗಸ್ಟ್ ಹೊತ್ತಿಗೆ ಅಳು ನಿಂತಿತು, ಮಾತು ಶುರುವಾಯಿತು. ಈಗ ಮಾತು ನಿಲ್ಲಿಸುವುದು ಹೇಗೆ ಅಂತ ನಾವು ಯೋಚಿಸುತ್ತಿದ್ದೇವೆ.

ಇವತ್ತು ವೇದಿಕೆ ಮೇಲೆ ಯಾರಾದರೂ ಹಾಡು ಮರೆತರೆ, ನಡುವೆ ಅಮ್ಮನನ್ನು ನೋಡಿ ಕೈ ಬೀಸಿದರೆ, ದಯವಿಟ್ಟು ಜೋರಾಗಿ ನಗಬೇಡಿ. ಚಪ್ಪಾಳೆ ಜಾಸ್ತಿ ಹೊಡೆಯಿರಿ, ನೆನಪಾಗುತ್ತದೆ.

ಈಗ ಗಣ್ಯರು ದೀಪ ಬೆಳಗಿಸುತ್ತಾರೆ. ಅದಾದ ಕೂಡಲೇ ಒಂದನೇ ತರಗತಿಯ ಅಭಿನಯ ಗೀತೆ. ಮುಂದೆ ನಿಂತು ಹಾಡುವವಳು ಅದೇ ಕಿಟಕಿಯ ಪುಟ್ಟಿ. ಮೈಕಿನವರೇ, ಸ್ಟ್ಯಾಂಡ್ ಸ್ವಲ್ಪ ಕೆಳಗಿಳಿಸಿ. ಇನ್ನೂ ಕೆಳಗೆ... ಹಾಂ, ಅಷ್ಟು ಸಾಕು.