ಕಾವೇರಿ ಸುದ್ದಿ: ಯುದ್ಧದ ಚೌಕಟ್ಟು, ಶಾಂತಿಯ ಚೌಕಟ್ಟು

(ಎಂ.ಎ. ಪತ್ರಿಕೋದ್ಯಮ, ಎರಡನೇ ವರ್ಷ. ಗುರುವಾರದ ಸೆಮಿನಾರ್‌ಗೆ ಟಿಪ್ಪಣಿ)

2016ರ ಸೆಪ್ಟೆಂಬರ್ 12. ತಮಿಳುನಾಡಿಗೆ 20ನೇ ತಾರೀಖಿನವರೆಗೆ 12,000 ಕ್ಯುಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನಲ್ಲಿ ಬಸ್‌ಗಳು ಉರಿದವು, ಗೋಲಿಬಾರ್ ಆಯಿತು, ಕರ್ಫ್ಯೂ ಬಂತು. ಟಿವಿ ಹಾಕಿದರೆ ಅದೇ ಬಸ್, ಅದೇ ಬೆಂಕಿ. ಅಣೆಕಟ್ಟಿನಲ್ಲಿ ನೀರೆಷ್ಟಿದೆ ಅಂತ ತಿಳಿಯಬೇಕಾದರೆ ಹುಡುಕಬೇಕಿತ್ತು.

ನಾರ್ವೆಯ ಶಾಂತಿ ಅಧ್ಯಯನದ ವಿದ್ವಾಂಸ ಯೋಹಾನ್ ಗಾಲ್ಟುಂಗ್ ಯುದ್ಧ ಪತ್ರಿಕೋದ್ಯಮವನ್ನು ಕ್ರೀಡಾ ವರದಿಗೆ ಹೋಲಿಸಿದರು. ಎರಡು ತಂಡ, ಒಂದು ಕಪ್. ಶಾಂತಿ ಪತ್ರಿಕೋದ್ಯಮ ಆರೋಗ್ಯ ವರದಿಯ ಹಾಗೆ: ಕಾಯಿಲೆ ಯಾಕೆ ಬಂತು, ಮದ್ದೇನು, ಮತ್ತೆ ಬಾರದ ಹಾಗೆ ಏನು ಮಾಡಬೇಕು. ಅವರು ಹೇಳಿದ ನಾಲ್ಕು ಜೋಡಿಗಳನ್ನು ಕಾವೇರಿಗೆ ಹೊಂದಿಸಿದ್ದೇನೆ. ಶೀರ್ಷಿಕೆಗಳು ನಾನೇ ಬರೆದುಕೊಂಡವು.

| ನೋಟ | ಯುದ್ಧ ಪತ್ರಿಕೋದ್ಯಮ | ಶಾಂತಿ ಪತ್ರಿಕೋದ್ಯಮ |
|---|---|---|
| ಗಮನ ಎಲ್ಲಿ | ಬೆಂಕಿ, ಕಲ್ಲು, ಬಂದ್. ನಾವು ಮತ್ತು ಅವರು | ಮಳೆ ಕೊರತೆ, ಬೆಳೆ, ಬೆಂಗಳೂರಿನ ಕುಡಿಯುವ ನೀರು |
| ಸತ್ಯ | ಆ ಕಡೆಯವರ ಸುಳ್ಳು ಮಾತ್ರ ಬಯಲಿಗೆ | ಎರಡೂ ಕಡೆಯ ಸುಳ್ಳು ಬಯಲಿಗೆ |
| ಯಾರ ಮಾತು | ಮಂತ್ರಿ, ವಕೀಲ, ಸಂಘಟನೆ ಮುಖಂಡ | ಮಂಡ್ಯದ ರೈತ, ತಂಜಾವೂರಿನ ರೈತ, ಕೂಲಿಯವರು |
| ಕೊನೆ | ಯಾರು ಗೆದ್ದರು | ಹೇಗೆ ಹಂಚಿಕೊಳ್ಳಬಹುದು |
| ಶೀರ್ಷಿಕೆ | ‘ನೀರಿಗಾಗಿ ಸಮರ’ | ‘ಕೊರತೆ ವರ್ಷದಲ್ಲಿ ಯಾರಿಗೆಷ್ಟು?’ |

ಮೂರನೇ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2003ರಲ್ಲೇ ಎರಡೂ ರಾಜ್ಯಗಳ ರೈತರು ಕೂತು ಮಾತಾಡಲು ‘ಕಾವೇರಿ ಕುಟುಂಬ’ ಮಾಡಿಕೊಂಡಿದ್ದರು. ಒಬ್ಬರ ಹೊಲ ಇನ್ನೊಬ್ಬರು ನೋಡಿ ಬಂದರು. ನಮ್ಮ ತರಗತಿಯಲ್ಲಿ ಕೇಳಿದೆ, ಈ ಹೆಸರು ಗೊತ್ತಿದ್ದವರು ಇಬ್ಬರೇ. ಬಸ್ ಉರಿದದ್ದು ಎಲ್ಲರಿಗೂ ನೆನಪಿದೆ.

ನಾಲ್ಕನೇ ಸಾಲಿಗೆ ಸುಪ್ರೀಂ ಕೋರ್ಟ್‌ನ 2018ರ ತೀರ್ಪು ನೋಡಿ. ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಸ್ಕೋರ್ ಹೇಳಲು ಇಷ್ಟು ಸಾಕು. ಆದರೆ ಅದು ಮಳೆ ಸರಿಯಾಗಿ ಬಂದ ವರ್ಷದ ಲೆಕ್ಕ. ಕೈಕೊಟ್ಟ ವರ್ಷಕ್ಕೆ ಸಂಕಷ್ಟ ಸೂತ್ರ ಬೇಕು, ಅದು ಇತ್ಯರ್ಥವಾಗಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್.

ತಕರಾರೂ ಇದೆ. ಶಾಂತಿ ತರುವುದು ವರದಿಗಾರನ ಕೆಲಸವಲ್ಲ, ಕಂಡದ್ದನ್ನು ಹೇಳುವುದಷ್ಟೇ ಕೆಲಸ ಎಂದು ಬಿಬಿಸಿಯ ಡೇವಿಡ್ ಲಾಯ್ನ್ ವಾದಿಸಿದ್ದರು. ಅರ್ಧ ಒಪ್ಪುತ್ತೇನೆ. ಗೋಲಿಬಾರನ್ನು ಮುಚ್ಚಿಟ್ಟರೆ ಅದು ಶಾಂತಿ ಪತ್ರಿಕೋದ್ಯಮವಲ್ಲ, ಸುಮ್ನೆ ಅಂಜುಬುರುಕತನ. ಆದರೆ ಕ್ಯಾಮೆರಾ ಎಲ್ಲಿಡಬೇಕು ಅಂತ ಯಾರೋ ಒಬ್ಬರು ತೀರ್ಮಾನಿಸಿಯೇ ಇರುತ್ತಾರೆ ಅಲ್ವಾ?

ಗುರುವಾರ ಬರುವಾಗ ಇದನ್ನು ಮಾಡಿಕೊಂಡು ಬನ್ನಿ: 2023ರ ಬಂದ್ ದಿನದ ಯಾವುದಾದರೂ ಒಂದು ಕನ್ನಡ ಪತ್ರಿಕೆಯ ಮುಖಪುಟ ತನ್ನಿ. ಅದರಲ್ಲಿ ರೈತ ಎಷ್ಟು ಸಾಲು ಮಾತಾಡಿದ್ದಾನೆ ಎಂದು ಎಣಿಸಿ.