ನಯನಾ, ನಿನ್ನ 482 ಲೆಟರ್ ಓದಿದೆ

ನಯನಾ, ನಿನ್ನ ಆಸ್ಟ್ರೇಲಿಯಾ 482 ವರ್ಕ್ ವೀಸಾದ ಗ್ರಾಂಟ್ ಲೆಟರ್ ಕಳಿಸಿದ್ಯಲ್ಲ, ಪೂರ್ತಿ ಓದಿದೆ ಕಣೆ. ಚಿಕ್ಕಮ್ಮ ಆಗ್ಲೇ ಹಾಸನದಲ್ಲೆಲ್ಲ ಮಗಳಿಗೆ ಪರ್ಮನೆಂಟ್ ಆಯ್ತು ಅಂತ ಹೇಳ್ಕೊಂಡು ಬಂದಾಯ್ತು, ಪರ್ಮನೆಂಟ್ ಅಲ್ಲ, ಟೆಂಪರರಿ ವೀಸಾ ಅಂತ ನೀನೇ ಮೆಲ್ಲಗೆ ಹೇಳು, ನಾನು ಬೈಸ್ಕೊಳಲ್ಲ.

ಲೆಟರ್‌ನಲ್ಲಿ ಮುಖ್ಯವಾಗಿರೋದು 8607 ಅನ್ನೋ ಕಂಡೀಶನ್. ಯಾವ ಓನರ್ ನಿನ್ನ ಸ್ಪಾನ್ಸರ್ ಮಾಡಿದಾರೋ ಅವರ ಹತ್ರನೇ, ಯಾವ ಕೆಲಸಕ್ಕೆ ಅಂತ ಬರೆದಿದೆಯೋ ಅದೇ ಕೆಲಸ. ನಿಂದು ಶೆಫ್ ಅಂತ ಇದೆ. ಹಂಗಾಗಿ ಅಡಿಗೆಮನೆ ಬಿಟ್ಟು ದಿನವೆಲ್ಲ ಕೌಂಟರಲ್ಲಿ ನಿಲ್ಲಿಸಿದ್ರೆ ಒಪ್ಕೋಬೇಡ. ಓನರ್ ತಮ್ಮನ ಕೆಫೆಗೆ ವೀಕೆಂಡ್ ಹೋಗ್ಲಾ ಅಂತ ಕೇಳಿದ್ಯಲ್ಲ, ಅದು ಬೇರೆ ಕಂಪನಿ ಅಂತ ನೀನೇ ಹೇಳ್ತೀಯ, ಸುಮ್ನೆ ಹೋಗ್ಬೇಡ. ಡೆಲಿವರಿ ಆಪ್‌ಗಳೂ ಬೇಡ, ಸ್ಟೂಡೆಂಟ್ ಆಗಿದ್ದಾಗ ಹದಿನೈದು ದಿನಕ್ಕೆ 48 ಗಂಟೆ ಯಾರತ್ರ ಬೇಕಾದ್ರೂ ದುಡೀಬಹುದಿತ್ತು, ಆ ವೀಸಾ ಇದು ಬಂದ ಕ್ಷಣಕ್ಕೇ ಮುಗೀತು. ಕೆಲಸ 90 ದಿನದೊಳಗೆ ಶುರು ಮಾಡ್ಬೇಕು ಅಂತಿದೆ, ನೀನು ಅಲ್ಲೇ ಇದೀಯ, ಲೆಕ್ಕ ಗ್ರಾಂಟ್ ಆದ ದಿನದಿಂದ.

ಈಗ 180 ದಿನದ ವಿಷ್ಯ, ಇದನ್ನೇ ಎಲ್ರೂ ಅರ್ಧ ಓದಿ ಬಿಡ್ತಾರೆ. ಕೆಲಸ ಹೋದ್ರೆ, ಅಥವಾ ನೀನೇ ಬಿಟ್ರೆ, ಆಮೇಲೆ 180 ದಿನ ಇರುತ್ತೆ, ಆ ಟೈಮಲ್ಲಿ ಬೇರೆ ಕಡೆ ಬೇರೆ ಕೆಲಸನೂ ಮಾಡಬಹುದು, ಆದ್ರೆ ಅಷ್ಟರೊಳಗೆ ಹೊಸ ಸ್ಪಾನ್ಸರ್ ಹುಡುಕ್ಬೇಕು, ಇಲ್ಲ ಬೇರೆ ವೀಸಾ, ಇಲ್ಲ ಊರಿಗೆ. ಇಂಥ ಗ್ಯಾಪ್ ಎಲ್ಲ ಸೇರಿ ಇಡೀ ವೀಸಾ ಅವಧಿಗೆ ಒಟ್ಟು 365 ದಿನ ದಾಟಂಗಿಲ್ಲ. 2024ರ ಜುಲೈಗೆ ಮುಂಚೆ ಬರೀ 60 ದಿನ ಇತ್ತು, ನಾನಲ್ಲಿದ್ದಾಗ ಜನ ಕೆಟ್ಟ ಓನರ್ ಹತ್ರನೂ ಹಲ್ಲು ಕಚ್ಕೊಂಡು ಇರ್ತಿದ್ರು ಪಾಪ. ಕೆಲಸದಲ್ಲಿ ಇದ್ಕೊಂಡೇ ಈ ರೂಲ್ಸ್ ನೆಪದಲ್ಲಿ ಇನ್ನೊಂದು ಕಡೆ ದುಡಿಯೋಕೆ ಆಗಲ್ಲ, ಗೊತ್ತಾಯ್ತಲ್ಲ.

8501 ಅಂದ್ರೆ ಹೆಲ್ತ್ ಇನ್ಶೂರೆನ್ಸ್. ಸ್ಟೂಡೆಂಟ್ ಇನ್ಶೂರೆನ್ಸ್ ಈ ವೀಸಾಗೆ ನಡೆಯಲ್ಲ, ಓವರ್‌ಸೀಸ್ ವಿಸಿಟರ್ ಪಾಲಿಸಿಗೆ ಬದಲಾಯ್ಸು, ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್ ಒಪ್ಪಂದ ಇರೋ ದೇಶಗಳಲ್ಲಿ ಇಂಡಿಯಾ ಇಲ್ಲ. ವೀಸಾ ಮುಗಿಯೋವರೆಗೂ ಒಂದು ದಿನನೂ ಗ್ಯಾಪ್ ಬಿಡ್ಬೇಡ.

ಇನ್ನೊಂದು ವಿಷ್ಯ, ಲೆಟರ್‌ನಲ್ಲಿ ಇಲ್ಲ, ಆದ್ರೂ ಹೇಳ್ತೀನಿ. ನಿನ್ನ ಸ್ಪಾನ್ಸರ್ ಮಾಡೋಕೆ ಸರ್ಕಾರಕ್ಕೆ ಕಟ್ಟೋ ನಾಮಿನೇಶನ್ ಫೀಸ್, ಟ್ರೈನಿಂಗ್ ಲೆವಿ ಓನರೇ ಕಟ್ಟಬೇಕು, ಸಂಬಳದಲ್ಲಿ ಹಿಡೀತೀನಿ ಅಂದ್ರೆ ಕಾನೂನಿಗೆ ವಿರುದ್ಧ. ಮೆಸೇಜ್ ಏನೇ ಬಂದ್ರೂ ಡಿಲೀಟ್ ಮಾಡ್ದೆ ಇಟ್ಕೊ, ಪೇಸ್ಲಿಪ್ಪೂ ಇಟ್ಕೊ.

ಪಾಸ್‌ಪೋರ್ಟ್‌ಗೆ ಸ್ಟಿಕ್ಕರ್ ಏನೂ ಹಚ್ಚಲ್ಲ, ಎಲ್ಲ ಆನ್‌ಲೈನು. ವೀಸಾ ಚೆಕ್ ಮಾಡೋ ಸರ್ಕಾರಿ ಸೈಟ್ VEVO ನಲ್ಲಿ ನಿನ್ನ ಕಂಡೀಶನ್‌ಗಳೂ ಕೊನೇ ತಾರೀಖೂ ಕಾಣುತ್ತೆ, ಇವತ್ತೇ ನೋಡಿ ಲೆಟರ್ ಜೊತೆ ತಾಳೆ ಹಾಕು. ಹಾಸನಾಂಬೆ ದರ್ಶನಕ್ಕೆ ಬಂದು ಹೋಗೋದಕ್ಕೆ ತೊಂದ್ರೆ ಇಲ್ಲ, ನಿಂದು ಮಲ್ಟಿಪಲ್ ಎಂಟ್ರಿ. ನಿನ್ನ ಪಾಸ್‌ಪೋರ್ಟ್ ಹಳೇದಾಗಿದೆ ಅಂದಿದ್ದೆ, ರಿನ್ಯೂ ಮಾಡಿಸಿದ್ರೆ ಹೊಸ ನಂಬರ್ ನಿನ್ನ ಆನ್‌ಲೈನ್ ವೀಸಾ ಅಕೌಂಟ್ ImmiAccount ಗೆ ಹಾಕಿ VEVO ದಲ್ಲಿ ಬಂದಿದೆಯಾ ನೋಡ್ಕೊಂಡು ಆಮೇಲೆ ಟಿಕೆಟ್ ಬುಕ್ ಮಾಡು.