13 ಅಡಿ ಏಣಿಯನ್ನು 5 ಅಡಿ ಎಳೆದರೆ ತುದಿ ಎಷ್ಟು ಇಳಿಯುತ್ತದೆ?

ವಿಡಿಯೊ ಸ್ಕ್ರಿಪ್ಟ್. 8 ಮತ್ತು 9ನೇ ತರಗತಿಯ ಮಕ್ಕಳಿಗೆ. ಸುಮಾರು 9 ನಿಮಿಷ.
ಮೇಜಿನ ಮೇಲೆ ಇರಬೇಕಾದದ್ದು: ಸೆಂಟಿಮೀಟರ್ ಚೌಕದ ಗ್ರಾಫ್ ಹಾಳೆ, 13 ಸೆಂ.ಮೀ.ಗೆ ಮುರಿದ ಪೊರಕೆ ಕಡ್ಡಿ, ಸ್ಕೇಲು, ಮೂರು ಬಣ್ಣದ ಸ್ಕೆಚ್ ಪೆನ್, ರಟ್ಟಿನಲ್ಲಿ ಕತ್ತರಿಸಿದ ನಾಲ್ಕು ತ್ರಿಭುಜ, 17 ಸೆಂ.ಮೀ. ಬಾಹುವಿನ ಬಿಳಿ ಚೌಕ. ಸಹನಾ ಕ್ಯಾಮೆರಾ ಹಿಂದೆ ಇರುತ್ತಾಳೆ, ಅವಳ ದನಿ ಮಾತ್ರ ಕೇಳುತ್ತದೆ.

0:00

[ತೆರೆ: ಮನೆಯ ಹಿಂದಿನ ಗೋಡೆ. ಬಿದಿರಿನ ಏಣಿ ಗೋಡೆಗೆ ಅಂಟಿಕೊಂಡಂತೆ ನೆಟ್ಟಗೆ ನಿಂತಿದೆ. ಬುಡವನ್ನು ಕೈಯಲ್ಲಿ ಹಿಡಿದಿದ್ದೇನೆ.]

ಇದು ನಮ್ಮ ಮನೆಯ ಏಣಿ. ಉದ್ದ 13 ಅಡಿ. ಈಗ ಗೋಡೆಗೆ ಒತ್ತಿಕೊಂಡು ನಿಂತಿದೆ. ಅಂದರೆ ಇದರ ತುದಿ ನೆಲದಿಂದ 13 ಅಡಿ ಮೇಲಿದೆ. ಹೀಗೆ ನಿಂತ ಏಣಿಯನ್ನು ಯಾರೂ ಹತ್ತೋದಿಲ್ಲ, ಹತ್ತಿದರೆ ಬೆನ್ನ ಮೇಲೆ ಬೀಳ್ತೀವಿ. ಹಾಗಾಗಿ ಬುಡವನ್ನು ಸ್ವಲ್ಪ ಈಚೆಗೆ ಎಳೆಯಬೇಕು. ನಾನು 5 ಅಡಿ ಎಳೆಯುತ್ತೇನೆ.

[ತೆರೆ: ಬುಡ ಎಳೆಯುವುದು. ಏಣಿಯ ತುದಿ ಕಾಣದಂತೆ ಕ್ಯಾಮೆರಾ ಕೆಳಗೇ ಇರಲಿ.]

ತುದಿ ಈಗ ಎಷ್ಟು ಎತ್ತರದಲ್ಲಿದೆ? ವಿಡಿಯೊ ನಿಲ್ಲಿಸಿ, ಒಂದು ಸಂಖ್ಯೆ ಬರೆದುಕೊಳ್ಳಿ. ಸುಮ್ನೆ ಊಹಿಸಿ, ಪರವಾಗಿಲ್ಲ.

ಸಹನಾ: ಮಾಮ, ಎಂಟು! ಹದಿಮೂರರಲ್ಲಿ ಐದು ಹೋದ್ರೆ ಎಂಟು.

ನೂರಕ್ಕೆ ನೂರು ತಪ್ಪು! ಆದರೆ ಚಿಕ್ಕವನಿದ್ದಾಗ ನಾನೂ ಇದನ್ನೇ ಹೇಳಿದ್ದೆ. ಈ ತಪ್ಪು ಯಾಕೆ ತಪ್ಪು ಅಂತ ನೋಡೋಣ, ಬನ್ನಿ.

0:55

[ತೆರೆ: ಮೇಲಿನಿಂದ ಮೇಜು. ಖಾಲಿ ಗ್ರಾಫ್ ಹಾಳೆ.]

ಏಣಿಯನ್ನು ಹಾಳೆಗೆ ಇಳಿಸೋಣ. ಒಂದು ಚೌಕ ಅಂದರೆ ಒಂದು ಅಡಿ.

[ಬಿಡಿಸು 1: ಕಂದು ಪೆನ್ನಿನಲ್ಲಿ ನೆಟ್ಟನೆ ಗೆರೆ, 14 ಚೌಕ. ಪಕ್ಕದಲ್ಲಿ ಬರೆ: ಗೋಡೆ.]

[ಬಿಡಿಸು 2: ಗೋಡೆಯ ಬುಡದಿಂದ ಬಲಕ್ಕೆ ಹಸಿರು ಅಡ್ಡಗೆರೆ, 14 ಚೌಕ. ಬರೆ: ನೆಲ.]

[ಬಿಡಿಸು 3: ಎರಡೂ ಸೇರುವ ಮೂಲೆಯಲ್ಲಿ ಪುಟ್ಟ ಚೌಕದ ಗುರುತು.]

ಈ ಪುಟ್ಟ ಗುರುತನ್ನು ಮರೆಯಬೇಡಿ. ಇಲ್ಲಿ 90 ಡಿಗ್ರಿ ಇದೆ, ಲಂಬಕೋನ ಅಂತ ಅದು ಹೇಳುತ್ತದೆ. ಗೋಡೆ ಕಟ್ಟುವ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವುದನ್ನು ನೋಡಿದ್ದೀರಲ್ವಾ? ಗೋಡೆ ಯಾವ ಕಡೆಗೂ ವಾಲಬಾರದು ಅಂತ. ಗೋಡೆ ವಾಲಿದ್ದರೆ ಇವತ್ತಿನ ಲೆಕ್ಕವೂ ವಾಲುತ್ತದೆ.

ಈಗ ಏಣಿ. ಈ ಪೊರಕೆ ಕಡ್ಡಿಯೇ ನಮ್ಮ ಏಣಿ, 13 ಸೆಂಟಿಮೀಟರ್.

[ತೆರೆ: ಕಡ್ಡಿಯನ್ನು ಗೋಡೆಯ ಗೆರೆಯ ಮೇಲೆ ಇಡು. ಬುಡವನ್ನು ಹಸಿರು ಗೆರೆಯ ಮೇಲೆ ನಿಧಾನವಾಗಿ ಎಳೆ. ತುದಿ ಕಂದು ಗೆರೆ ಬಿಡಬಾರದು. 5ನೇ ಚೌಕದಲ್ಲಿ ನಿಲ್ಲಿಸು.]

ಸಹನಾ, ತುದಿ ಎಷ್ಟನೇ ಚೌಕದಲ್ಲಿದೆ, ಎಣಿಸು.

ಸಹನಾ: ಒಂದು, ಎರಡು... ಹನ್ನೆರಡು. ಹನ್ನೆರಡಾ? ಒಂದೇ ಇಳಿದಿದ್ದು?

[ಬಿಡಿಸು 4: ಕಡ್ಡಿ ಇದ್ದ ಜಾಗದಲ್ಲಿ ಹಳದಿ ಓರೆಗೆರೆ. ಗೆರೆಗಳ ಪಕ್ಕ 5, 12, 13 ಬರೆ.]

ಒಂದೇ. ಬುಡ 5 ಅಡಿ ಈಚೆ ಬಂತು, ತುದಿ 1 ಅಡಿ ಮಾತ್ರ ಇಳಿಯಿತು. ಅಂದರೆ ಉದ್ದದಲ್ಲಿ ಉದ್ದ ಕಳೆಯುವ ಲೆಕ್ಕ ಇಲ್ಲಿ ನಡೆಯೋದಿಲ್ಲ. ಹಾಗಾದರೆ ಯಾವುದರಲ್ಲಿ ಯಾವುದನ್ನು ಕಳೆಯಬೇಕು?

2:30

ಪ್ರತಿ ಗೆರೆಯ ಮೇಲೂ ಒಂದು ಚೌಕ ಕಟ್ಟಿ ನೋಡೋಣ. ತಮಾಷೆ ಇರುವುದೇ ಇಲ್ಲಿ.

[ಬಿಡಿಸು 5, ಹೊಸ ಹಾಳೆಯಲ್ಲಿ: ಅದೇ ತ್ರಿಭುಜ, ಚಿಕ್ಕದಾಗಿ. ನೆಲದ ಗೆರೆಯ ಕೆಳಗೆ ಹಸಿರು ಚೌಕ, ಒಳಗೆ ಬರೆ: 25. ಗೋಡೆಯ ಗೆರೆಯ ಎಡಕ್ಕೆ ಕಂದು ಚೌಕ: 144. ಏಣಿಯ ಗೆರೆಯ ಆಚೆ ಬದಿಗೆ ಹಳದಿ ಚೌಕ: 169.]

ನೆಲದ ಚೌಕದಲ್ಲಿ 5 ಸಾಲು, ಸಾಲಿಗೆ 5, ಒಟ್ಟು 25 ಮನೆ. ಗೋಡೆಯದು 12 ಹನ್ನೆರಡಲಿ 144. ಏಣಿಯದು 13 ಹದಿಮೂರಲಿ 169. ಈಗ 25ಕ್ಕೆ 144 ಕೂಡಿಸಿ.

ಸಹನಾ: ನೂರ ಅರವತ್ತೊಂಬತ್ತು!

[ತೆರೆ: ಕೆಳಗೆ ದೊಡ್ಡದಾಗಿ]

```
5² + 12² = 13²
25 + 144 = 169
```

ನೆಲದ ಚೌಕವೂ ಗೋಡೆಯ ಚೌಕವೂ ಸೇರಿದರೆ ಸರಿಯಾಗಿ ಏಣಿಯ ಚೌಕ. ಒಂದು ಮನೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಒಂದು ಕೋನ 90 ಡಿಗ್ರಿ ಇರುವ ತ್ರಿಭುಜಕ್ಕೆ ಲಂಬಕೋನ ತ್ರಿಭುಜ. ಲಂಬಕೋನದ ಎದುರಿಗಿರುವ ಉದ್ದದ ಗೆರೆಗೆ, ಅಂದರೆ ನಮ್ಮ ಏಣಿಗೆ, ವಿಕರ್ಣ. ವಿಕರ್ಣದ ಮೇಲಿನ ವರ್ಗ ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ಇದೇ ಪೈಥಾಗೊರಸ್ ಪ್ರಮೇಯ. ಬಾಯಿಪಾಠ ಮಾಡುವ ಮೊದಲು ಕಡ್ಡಿ ಎಳೆದು ನೋಡಿದ್ದೀರಲ್ಲ, ಇನ್ನು ಮರೆಯೋದು ಕಷ್ಟ.

4:00

ಒಂದು ಅನುಮಾನ ಬರಬೇಕು. ಬಂದಿಲ್ಲ ಅಂದರೆ ನಾನೇ ತರುತ್ತೇನೆ. 5, 12, 13ಕ್ಕೆ ಹೊಂದಿತು, ಸರಿ. ಬೇರೆ ಏಣಿಗೂ ಹೊಂದುತ್ತದಾ? ನಾನು ಬೇಕಂತಲೇ ಚೆನ್ನಾದ ಸಂಖ್ಯೆ ಆರಿಸಿದೆನಾ?

ಆರಿಸಿದ್ದು ನಿಜ. ಆದರೆ ಈಗ ಮಾಡುವ ಆಟಕ್ಕೆ ಸಂಖ್ಯೆಯ ಹಂಗಿಲ್ಲ.

[ತೆರೆ: 17 ಸೆಂ.ಮೀ. ಬಿಳಿ ಚೌಕ. ಪಕ್ಕದಲ್ಲಿ ನಾಲ್ಕು ರಟ್ಟಿನ ತ್ರಿಭುಜ, ನಾಲ್ಕೂ ಒಂದೇ ಅಳತೆ: 5, 12, 13.]

ಬಿಳಿ ಚೌಕದ ಬಾಹು 17, ಅಂದರೆ 5 ಮತ್ತು 12 ಸೇರಿದಷ್ಟು. ನಾಲ್ಕು ಮೂಲೆಗೆ ನಾಲ್ಕು ತ್ರಿಭುಜ ಇಡುತ್ತೇನೆ. ಒಂದರ 5 ಮುಗಿದಲ್ಲಿ ಇನ್ನೊಂದರ 12 ಶುರು.

[ತೆರೆ: ಒಂದೊಂದಾಗಿ ಇಡು, ಅವಸರ ಬೇಡ. ನಾಲ್ಕೂ ಇಟ್ಟ ಮೇಲೆ ನಡುವಿನ ಓರೆ ಚೌಕದ ಸುತ್ತ ಬೆರಳಾಡಿಸು.]

ನಡುವೆ ಬಿಳಿ ಜಾಗ ಉಳಿಯಿತು. ಅದರ ನಾಲ್ಕೂ ಬದಿ ಏಣಿಯೇ, 13. ಮೂಲೆಗಳು ಲಂಬಕೋನವೇ? ಒಂದು ಮೂಲೆಯ ಹತ್ತಿರ ನೋಡಿ. ದೊಡ್ಡ ಚೌಕದ ನೇರ ಅಂಚಿನಲ್ಲಿ ಒಟ್ಟು 180 ಡಿಗ್ರಿ. ಅದರಲ್ಲಿ ಒಂದು ತ್ರಿಭುಜದ ಚಿಕ್ಕ ಕೋನ, ಇನ್ನೊಂದರ ದೊಡ್ಡ ಕೋನ ಕೂತಿವೆ. ಅವೆರಡೂ ಸೇರಿದರೆ 90. ಉಳಿದದ್ದು 90. ಹಾಗಾಗಿ ನಡುವಿನದು ಚೌಕವೇ, ಏಣಿಯ ಚೌಕ.

ಈಗ ಅದೇ ನಾಲ್ಕು ತ್ರಿಭುಜಗಳನ್ನು ಜಾಗ ಬದಲಿಸಿ ಇಡುತ್ತೇನೆ.

[ತೆರೆ: ಎರಡೆರಡು ಜೋಡಿಸಿ ಎರಡು ಆಯತ ಮಾಡು. ಒಂದು ಆಯತ ಮಲಗಿಸಿ ಮೇಲಿನ ಎಡ ಮೂಲೆಗೆ, ಒಂದು ನಿಲ್ಲಿಸಿ ಕೆಳಗಿನ ಬಲ ಮೂಲೆಗೆ. ಉಳಿದ ಎರಡು ಬಿಳಿ ಚೌಕಗಳ ಮೇಲೆ 5, 12 ಎಂದು ಬರೆ.]

ಸಹನಾ: ಅಯ್ಯೋ, ಒಂದಿದ್ದದ್ದು ಎರಡಾಯ್ತು!

ಎರಡಾಯಿತು. ಒಂದು 5ರ ಚೌಕ, ಒಂದು 12ರ ಚೌಕ. ದೊಡ್ಡ ಚೌಕ ಬದಲಾಗಿಲ್ಲ, ತ್ರಿಭುಜಗಳೂ ಅವೇ. ಹಾಗಿದ್ದ ಮೇಲೆ ಉಳಿದ ಬಿಳಿ ಜಾಗವೂ ಮೊದಲಿನಷ್ಟೇ ಇರಬೇಕು. ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ: 17ರ ವರ್ಗ 289, ನಾಲ್ಕು ತ್ರಿಭುಜಕ್ಕೆ ತಲಾ 30ರಂತೆ 120 ಹೋಯಿತು, ಉಳಿದದ್ದು 169.

ನಿಮ್ಮ ತ್ರಿಭುಜದ ಅಳತೆ ಏನೇ ಇರಲಿ, 90 ಡಿಗ್ರಿ ಒಂದಿದ್ದರೆ ಈ ಆಟ ನಡೆಯುತ್ತದೆ. ಅಳತೆಗಳಿಗೆ a, b, ವಿಕರ್ಣಕ್ಕೆ c ಅಂತ ಹೆಸರಿಟ್ಟರೆ:

```
a² + b² = c²
```

6:10

[ತೆರೆ: ಮತ್ತೆ ಮೊದಲ ಗ್ರಾಫ್ ಹಾಳೆ. ಕಡ್ಡಿ 5ರಲ್ಲಿ.]

ಸೂತ್ರ ಕೈಗೆ ಬಂತು. ಏಣಿಯನ್ನು ಇನ್ನೂ ಜಾರಿಸೋಣ. ಬುಡ 10 ಅಡಿಗೆ ಬಂದರೆ?

[ಬರೆ: 169 − 100 = 69]

ಯಾವ ಸಂಖ್ಯೆಯ ವರ್ಗ 69? ಪೂರ್ಣ ಸಂಖ್ಯೆ ಯಾವುದೂ ಇಲ್ಲ. 8ರದು 64, 9ರದು 81. ನಡುವೆ ಎಲ್ಲೋ. 8.3 ಹತ್ತಿರ ಬರುತ್ತದೆ, ಅದರ ವರ್ಗ 68.89. ಹಾಳೆಯಲ್ಲೂ ನೋಡಿ, ತುದಿ 8 ದಾಟಿ ಸ್ವಲ್ಪ ಮೇಲಿದೆ. ಉತ್ತರ ಚಂದದ ಸಂಖ್ಯೆ ಅಲ್ಲ ಅಂತ ಹೆದರಿ ಅಳಿಸಬೇಡಿ. ನಿಜವಾದ ಏಣಿಗಳು ಬಹಳ ಸಲ ಇಂಥ ಜಾಗದಲ್ಲೇ ನಿಲ್ಲುತ್ತವೆ.

ಬುಡ 12ಕ್ಕೆ ಬಂದರೆ? 169ರಲ್ಲಿ 144 ಹೋಗಿ 25. ತುದಿ 5 ಅಡಿಯಲ್ಲಿ.

[ಬಿಡಿಸು 6: ಹಾಳೆಯ ಬಲಕ್ಕೆ ಒಂದು ಪಟ್ಟಿ.]

| ಬುಡ ಗೋಡೆಯಿಂದ | ತುದಿ ನೆಲದಿಂದ |
|---|---|
| 0 ಅಡಿ | 13 ಅಡಿ |
| 5 ಅಡಿ | 12 ಅಡಿ |
| 10 ಅಡಿ | ಸುಮಾರು 8.3 ಅಡಿ |
| 12 ಅಡಿ | 5 ಅಡಿ |
| 13 ಅಡಿ | 0 |

ಈ ಪಟ್ಟಿಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿ. ಮೊದಲ 5 ಅಡಿ ಎಳೆದಾಗ ತುದಿ 1 ಅಡಿ ಇಳಿಯಿತು. ಕೊನೆಯ 1 ಅಡಿ ಜಾರಿದಾಗ ತುದಿ 5 ಅಡಿ ಬಿತ್ತು! ಬುಡ ದೂರ ಹೋದಷ್ಟೂ ತುದಿ ಜೋರಾಗಿ ಇಳಿಯುತ್ತದೆ. ಏಣಿ ಜಾರುವಾಗ ಮೊದಲು ಏನೂ ಆಗದಂತಿದ್ದು ಆಮೇಲೆ ಒಮ್ಮೆಗೇ ಧೊಪ್ಪೆಂದು ಬೀಳುತ್ತದಲ್ಲ, ಅದರಲ್ಲಿ ಈ ವರ್ಗಗಳ ಕೈವಾಡವೂ ಇದೆ.

ಅಂದ ಹಾಗೆ, ಲೆಕ್ಕ ಸುಲಭವಾಗಲಿ ಅಂತ ನಾನು 5 ಅಡಿ ಎಳೆದೆ. ನಿಜವಾಗಿ ಹತ್ತುವಾಗ ಅಷ್ಟು ದೂರ ಬೇಡ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ ಅನ್ನೋದು ರೂಢಿಯ ಅಳತೆ. ಈ ಏಣಿಗೆ 3 ಅಡಿ ಸಾಕು. ಕೆಳಗೆ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು.

7:50

[ತೆರೆ: ಹಾಳೆಯ ಮೂಲೆಯಲ್ಲಿ ಒಂದು ಆಯತ. ಅದರೊಳಗೆ ಮೂಲೆಯಿಂದ ಮೂಲೆಗೆ ಹಳದಿ ಗೆರೆ.]

ಪೈಥಾಗೊರಸ್ ಗ್ರೀಸಿನವನು, ಕ್ರಿಸ್ತಪೂರ್ವ 6ನೇ ಶತಮಾನ. ಹೆಸರು ಅವನಿಗೆ ಸಿಕ್ಕಿತು, ಆದರೆ ಸಂಗತಿ ಅವನೊಬ್ಬನಿಗೇ ಗೊತ್ತಿದ್ದದ್ದಲ್ಲ. ನಮ್ಮಲ್ಲಿ ಯಜ್ಞವೇದಿ ಕಟ್ಟಲು ಹಗ್ಗದಿಂದ ಅಳೆಯುತ್ತಿದ್ದವರ ಶುಲ್ಬಸೂತ್ರಗಳಿವೆ. ಶುಲ್ಬ ಅಂದರೆ ಹಗ್ಗ. ಅಂಥ ಒಂದು ಶುಲ್ಬಸೂತ್ರ ಬರೆದ ಬೌಧಾಯನ ಏಣಿಯ ಮಾತು ಆಡುವುದಿಲ್ಲ, ಆಯತದ ಮೂಲೆಯಿಂದ ಮೂಲೆಗೆ ಎಳೆದ ಹಗ್ಗದ ಮಾತು ಆಡುತ್ತಾನೆ. ಆದರೆ ಆಯತದ ಅರ್ಧ ನಮ್ಮ ಗೋಡೆ-ನೆಲ-ಏಣಿಯೇ ತಾನೇ? ಅವನು ಕೊಡುವ ಜೋಡಿಗಳಲ್ಲಿ 3 ಮತ್ತು 4 ಇದೆ, 12 ಮತ್ತು 5 ಕೂಡ ಇದೆ. ಅದು ನಮ್ಮ ಏಣಿಯ ಅಳತೆ!

3, 4, 5ನ್ನು ಇವತ್ತಿಗೂ ಪಾಯ ಹಾಕುವ ಕಡೆ ನೋಡಬಹುದು. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವೆ ಟೇಪ್ ಹಿಡಿಯುತ್ತಾರೆ. ಸರಿಯಾಗಿ 5 ಬಂದರೆ ಮೂಲೆ ಲಂಬಕೋನ. ಬರದಿದ್ದರೆ ದಾರ ಸರಿಸುತ್ತಾರೆ. ಇದು ಪ್ರಮೇಯವನ್ನು ತಿರುಗಿಸಿ ಬಳಸುವುದು. ಅದರ ವಿಡಿಯೊ ಮುಂದಿನ ವಾರ.

8:40

[ತೆರೆ: ಹೊಸ ಹಾಳೆ. ಗೋಡೆ, ನೆಲ, ಏಣಿ. ಏಣಿಯ ಮೇಲೆ 25, ನೆಲದ ಮೇಲೆ 7 ಬರೆ.]

ನಿಮಗೊಂದು ಲೆಕ್ಕ. ನೀರಿನ ಟ್ಯಾಂಕಿನ ಗೋಡೆಗೆ 25 ಅಡಿ ಏಣಿ ಒರಗಿದೆ. ಬುಡ ಗೋಡೆಯಿಂದ 7 ಅಡಿ ದೂರ. ತುದಿ ಎಷ್ಟು ಎತ್ತರದಲ್ಲಿದೆ? ಆಮೇಲೆ ಏಣಿ ಜಾರಿ, ತುದಿ 4 ಅಡಿ ಕೆಳಗಿಳಿದು ನಿಂತಿತು. ಬುಡ ಎಷ್ಟು ಅಡಿ ಜಾರಿತು?

[ತೆರೆ: ಎರಡು ಪ್ರಶ್ನೆಗಳೂ 10 ಸೆಕೆಂಡ್ ನಿಲ್ಲಲಿ.]

ಸಹನಾ, ನೀನು ಹೇಳು.

ಸಹನಾ: ನಾಲ್ಕು ಅಂತ ಮಾತ್ರ ಹೇಳಲ್ಲ, ಮಾಮ. ಕಡ್ಡಿ ಕೊಡಿ.

[ತೆರೆ: ಸಹನಾಳ ಕೈ ಚೌಕಟ್ಟಿನೊಳಗೆ ಬಂದು ಕಡ್ಡಿ ತೆಗೆದುಕೊಳ್ಳುತ್ತದೆ. ಕಪ್ಪು.]